ನೆಗ್ರೋನಿ: ಮೂರೂ ಸಮ, ಆಮ್ಯಾಲೆ ನಿಮ್ಮ ನಾಲಿಗಿ

ಹೋದ ತಿಂಗಳ ನಮ್ಮ ವೈನಿ ಮಿಲಾನಿಗೆ ನಮ್ಮನಿಗೆ ಬಂದಾಗ ತಗದ ಒಂದು ಫೋಟೋ ಮನಿ ಮಂದಿ ಗ್ರೂಪಿಗೆ ಹೋತು. ಬಾಲ್ಕನಿ, ಇಬ್ಬರ ಕೈಯಾಗೂ ಗಿಡ್ಡ ಗ್ಲಾಸು, ಅದರಾಗ ಕೆಂಪಂದು ಏನೋ. ಹತ್ತು ನಿಮಿಷದಾಗ ಕಾಕು ಫೋನ್ ಮಾಡಿದ್ರು. "ಅದೇನ ಕೋಕಂ ಶರಬತ್ತೇನವಾ?" ವೈನಿ ನನ್ನ ಮಾರಿ ನೋಡಿದ್ರು, ನಾ ವೈನಿ ಮಾರಿ ನೋಡಿದೆ. ಸುಳ್ಳ ಹೇಳಲಿಕ್ಕೆ ಬಾಯಿ ಬರಲಿಲ್ಲ. "ಅಲ್ಲ ಕಾಕು, ನೆಗ್ರೋನಿ" ಅಂದು ಅದರಾಗ ಏನೇನು ಇರ್ತದ ಹೇಳಿದೆ.

ಕುಡೀಬೇಕೋ ಬ್ಯಾಡೋ ಅನ್ನೋದು ಅವರವರಿಗೆ ಬಿಟ್ಟದ್ದು. ಕುಡೀದವರಿಗೆ ಕುಡೀರಿ ಅಂತ ಹೇಳಲಿಕ್ಕೆ ನಾ ಇದನ್ನ ಬರೀಲಿಕತ್ತಿಲ್ಲ. ಆದ್ರ ಕಾಕು ಬೈಯೋದು ಬಿಟ್ಟು ಒಂದು ಛಲೋ ಪ್ರಶ್ನೆ ಕೇಳಿದ್ರು ನೋಡ್ರಿ. "ಮೂರೂ ಸಮಸಮ ಹಾಕಿದ್ರ ರುಚಿ ಹೆಂಗ ಹೊಂದತದ? ನಾವು ಸಾರಿಗೆ ಹುಣಸಿಹುಳಿ, ಬೆಲ್ಲ, ಉಪ್ಪು ಸಮಸಮ ಹಾಕಿದ್ರ ನಡೀತದೇನು?" ಆವತ್ತು ನನಗ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಈಗ ಕೊಡ್ತೇನಿ.

ನೆಗ್ರೋನಿ ಅಂದ್ರ ಜಿನ್, ಕಂಪಾರಿ, ಸಿಹಿ ಕೆಂಪು ವರ್ಮೂತ್, ಮೂರೂ 30 ಎಂ.ಎಲ್. ಗ್ಲಾಸಿನ ತುಂಬ ಐಸ್ ಹಾಕಿ, ಮೂರನ್ನೂ ಸುರುವಿ, ಚಮಚದಿಂದ ತಿರುವಿ, ಕಿತ್ತಳಿ ಹಣ್ಣಿನ ಒಂದು ಚೂರು ಇಟ್ಟರ ಮುಗೀತು. ಇದು ಫ್ಲಾರೆನ್ಸ್ ಊರಿಂದು ಅಂತಾರ. 1919ರ ಸುಮಾರಿಗೆ ಕಮಿಲ್ಲೊ ನೆಗ್ರೋನಿ ಅನ್ನೋ ಒಬ್ಬ ಕೌಂಟ್, ತಾ ದಿನಾ ಕುಡಿಯೋ ಅಮೆರಿಕಾನೊ ಸಪ್ಪಗಾತು, ಸೋಡಾ ಬ್ಯಾಡ, ಅದರ ಬದ್ಲಿ ಜಿನ್ ಹಾಕು ಅಂದನಂತ. ಕತಿ ಖರೇನೋ ಸುಳ್ಳೋ, ಅದರಾಗ ಒಂದು ಮಾತು ಮಾತ್ರ ಉಪಯೋಗದ್ದು ಅದ. ಕಂಪಾರಿ ಮತ್ತ ವರ್ಮೂತ್ ಮೊದಲೇ ಜೋಡಿ ಆಗಿದ್ವು. ಜಿನ್ ಆಮ್ಯಾಲೆ ಬಂದ ಸೊಸಿ.

ಕಾಕು ಪ್ರಶ್ನೆಗೆ ಉತ್ತರ ಇಲ್ಲೇ ಅದ. ಹುಣಸಿಹುಳಿ ಅಂದ್ರ ಬರೇ ಹುಳಿ, ಬೆಲ್ಲ ಅಂದ್ರ ಬರೇ ಸಿಹಿ, ಅದಕ್ಕ ಸಮ ಹಾಕಿದ್ರ ಕೆಡ್ತದ. ಆದ್ರ ಕಂಪಾರಿ ಬಾಟ್ಲಿಯೊಳಗ ಬರೇ ಕಹಿ ಇಲ್ಲ. ಅದು ಬೇರು-ಸೊಪ್ಪು-ಸಿಪ್ಪಿ ನೆನಸಿದ ಕಹಿ ಖರೆ, ಆದ್ರ ಅದರಾಗ ಸಕ್ಕರಿನೂ ಗಟ್ಟಿ ಇರ್ತದ. 30 ಎಂ.ಎಲ್.ದಾಗ ಹೆಚ್ಚುಕಡಿಮಿ ಒಂದೂವರಿ ಸಣ್ಣ ಚಮಚ. ವರ್ಮೂತ್ ಅಂದ್ರ ವೈನಿಗೆ ಗಿಡಮೂಲಿಕಿ ಹಾಕಿ, ಸಕ್ಕರಿ ಕೂಡಿಸಿದ್ದು. ಅದರಾಗೂ ಒಂದು ಚಮಚದಷ್ಟು ಸಿಹಿ, ಸ್ವಲ್ಪ ಕಹಿ, ವೈನಿನ ಸಣ್ಣ ಹುಳಿ ಅವ. ಅಂದ್ರ ಎರಡೂ ಬಾಟ್ಲಿಯವರು ತಮ್ಮ ಮನ್ಯಾಗ ಮೊದಲೇ ಹದ ಮಾಡಿ ಕಳಿಸ್ಯಾರ. ಒಂದರಾಗ ಕಹಿ ಮುಂದ, ಇನ್ನೊಂದರಾಗ ಸಿಹಿ ಮುಂದ. ಜಿನ್‌ನಾಗ ಸಕ್ಕರಿ ಇಲ್ಲ, ಕಹಿ ಇಲ್ಲ. ಖಾರ ಮತ್ತ ವಾಸನಿ ಅಷ್ಟ. ಅದು ಆ ಎರಡರ ಜಿಗುಟನ್ನ ಸೀಳಿ ತೆಳ್ಳಗ ಮಾಡ್ತದ. ನಾವು ಒಗ್ಗರಣಿ ಹಾಕಿದ ಹಾಗಲಕಾಯಿ ಗೊಜ್ಜು ಮತ್ತ ಹುಳಿಯನ್ನ ಸಮಸಮ ಕೂಡಿಸಿ ಉಂಡಂಗ ಇದು. ಉಪ್ಪು, ಬೆಲ್ಲದ ಹಂಗಲ್ಲ.

ಅದಕ್ಕ ಕೈ ಸ್ವಲ್ಪ ತಪ್ಪಿದ್ರೂ ನಡೀತದ. ಕಂಪಾರಿ ಒಂದು ಚಮಚ ಹೆಚ್ಚಾತು ಅಂತ ಇಟಗೋರಿ, ಕಹಿ ಏರ್ತದ, ಅದರ ಜೋಡಿ ಸಿಹಿನೂ ಏರ್ತದ. ಒಂದಕ್ಕೊಂದು ಹಿಡಕೋತಾವ. ನಿಂಬಿಹಣ್ಣು ಹಾಕೋ ಕಾಕ್‌ಟೇಲಿನಾಗ ಇಷ್ಟು ಸಲಿಗಿ ಇಲ್ಲ. ಅಲ್ಲಿ ಅರ್ಧ ಚಮಚ ರಸ ಹೆಚ್ಚಾದ್ರ ಮಾರಿ ಕಿವಚತದ. ಮತ್ತ ಅಳತಿ ಗ್ಲಾಸು ಬೇಕಂತಿಲ್ಲ. ಏಳು ಕಪ್ಪಿನ ಬರ್ಫಿಗೆ ಯಾವ ಬಟ್ಟಲಾದ್ರೂ ನಡೀತದಲಾ, ಹಂಗ ಒಂದೇ ಬಟ್ಟಲದಾಗ ಮೂರು ಸಲ ಅಳದ್ರ ಆತು.

ಈಗ ನನ್ನ ತಕರಾರಿಗೆ ಬರ್ತೇನಿ. ಸಮ ಅಳತಿ ಅಂದ್ರ ಮಂದಿ ಎರಡು ತರ ತಪ್ಪು ಮಾಡ್ತಾರ. ನನ್ನ ಗಂಡನ ದೋಸ್ತರು ಇದ್ದಾರ, ಅವರಿಗೆ 30-30-30 ಅನ್ನೋದು ಪಂಚಾಂಗ. ಒಂದು ಹನಿ ಬದಲಿ ಮಾಡಿದ್ರ "ಇದು ನೆಗ್ರೋನಿ ಅಲ್ಲ" ಅಂತಾರ. ಇನ್ನೊಂದು ಕಡೆ, ಕಹಿ ಆತು ಅಂತ ಸಕ್ಕರಿ ಹಾಕೋರು, ಸ್ಪ್ರೈಟ್ ಸುರುವೋರು. ಇಬ್ಬರೂ ತಪ್ಪು. ಸಮ ಅಳತಿ ಛಲೋ ಅಂತ ಹೇಳೋದು ಅದರಿಂದ ಶುರು ಮಾಡಲಿಕ್ಕೆ ಹಗುರ ಅಂತ. ಆದ್ರ ಜಿನ್ 40 ಪರ್ಸೆಂಟಿಂದೂ ಇರ್ತದ, 47ರದ್ದೂ ಇರ್ತದ, ಒಬ್ಬೊಬ್ಬರ ವರ್ಮೂತ್ ಒಂದೊಂದು ತರ. ಎಲ್ಲಾದಕ್ಕೂ ಒಂದೇ ಅಳತಿ ಹೆಂಗ ಸರಿ ಹೋಗಬೇಕು? ಇದರದೇ ತಂಗಿ ಬುಲೆವಾರ್ಡಿಯರ್ ಅಂತ ಅದ, ಜಿನ್ ಬದ್ಲಿ ವಿಸ್ಕಿ. ಅದಕ್ಕ ಬಾರಿನವರು ವಿಸ್ಕಿ 45, ಉಳದೆರಡೂ 30 ಹಾಕ್ತಾರ. ಯಾರೂ ತಕರಾರು ಮಾಡಂಗಿಲ್ಲ.

ವೈನಿ ಮೊದಲನೇ ಸಂಜಿ ಒಂದು ಗುಟುಕು ತಗೊಂಡು ಗ್ಲಾಸು ಕೆಳಗಿಟ್ರು. "ಕಷಾಯ ಕುಡದಂಗಾತಲ್ಲ. ಇದಕ್ಕೇನ ಇಷ್ಟು ದೊಡ್ಡ ಹೆಸರು?" ಅಂದ್ರು. ಎದ್ದು ಅಡಗಿ ಮನಿಗೆ ಹೋಗಿ ಒಂದು ಚಮಚ ಸಕ್ಕರಿ ಹಾಕ್ಕೊಂಡು ಬಂದ್ರು. ಅರ್ಧ ಸಕ್ಕರಿ ತಣ್ಣಗಿನ ಗ್ಲಾಸಿನ ತಳಕ್ಕ ಕೂತು, ಮ್ಯಾಲೆ ಕಹಿ ಹಂಗ ಉಳೀತು. ಕಡೀಕ ಬಾಯಿ ಎಲ್ಲಾ ಕೆಮ್ಮಿನ ಔಷಧ. ನಾ ಒಂದು ಗುಟುಕು ಕುಡದು ನೋಡಿದೆ, ಖರೇನ ಕೆಟ್ಟಿತ್ತು. ಆದ್ರ ತಪ್ಪು ಕಂಪಾರಿದಲ್ಲ ಅನ್ನಿಸ್ತು. ವರ್ಮೂತ್ ಬಾಟ್ಲಿ ಮೂಸಿ ನೋಡಿದೆ. ಒಣದ್ರಾಕ್ಷಿ ಹುಳತಂಗ ವಾಸನಿ. ಅದನ್ನ ತೆಗದು ಮೂರು ತಿಂಗಳಾಗಿತ್ತು, ನಾ ಅದನ್ನ ಜಿನ್ ಬಾಜೂಕ ಕಪಾಟಿನಾಗ ಇಟ್ಟಿದ್ದೆ.

ಇದು ಭಾಳ ಮಂದಿ ಮಾಡೋ ತಪ್ಪು. ಜಿನ್, ಕಂಪಾರಿ ಕಪಾಟಿನಾಗ ವರ್ಷಾನಗಟ್ಟಲೆ ಇರ್ತಾವ. ವರ್ಮೂತ್ ಹೆಸರಿಗೆ ಗಟ್ಟಿ, ಆದ್ರ ಒಳಗ ವೈನು. ತೆಗದ ಮ್ಯಾಲೆ ಗಾಳಿ ತಾಕಿ ಸಪ್ಪಗಾಗ್ತದ, ಹುಳಿ ಹೊಡೀತದ. ಫ್ರಿಜ್ಜಿನಾಗ ಇಟ್ಟು ಒಂದು, ಭಾಳ ಅಂದ್ರ ಎರಡು ತಿಂಗಳದಾಗ ಮುಗಸಬೇಕು. ಅಷ್ಟು ಕುಡಿಯೋರು ಮನ್ಯಾಗ ಇಲ್ಲ ಅಂದ್ರ ಸಣ್ಣ ಬಾಟ್ಲಿ ತರಬೇಕು. ವರ್ಮೂತ್ ಸತ್ತಿದ್ರ ಮೂರು ಕಾಲಿನ ಒಲಿಗೆ ಒಂದು ಕಾಲು ಹೋದಂಗ, ಕಂಪಾರಿ ಕಹಿ ಒಂದೇ ನಿಂತು ಬಿಡ್ತದ. ಅದಕ್ಕ ಅಳತಿ ತಿದ್ದೋಕಿಂತ ಮೊದಲು ಇದನ್ನ ಮೂಸಿ ನೋಡ್ರಿ.

ಎರಡನೇದು ನೀರು. ನೆಗ್ರೋನಿಯೊಳಗ ನಾಲ್ಕನೇ ಸಾಮಾನು ಅಂದ್ರ ಐಸ್ ಕರಗಿದ ನೀರು, 90 ಎಂ.ಎಲ್.ಗೆ ಸುಮಾರು 20-25. ಅರ್ಧ ನಿಮಿಷ ತಿರುವಿದ್ರ ಅಷ್ಟು ಬರ್ತದ. ತಿರುವದ ಹಂಗ ಕುಡದ್ರ ಮೊದಲನೇ ಗುಟುಕು ಸುಡ್ತದ, ಜಿಗುಟಾಗಿ ನಾಲಿಗಿಗೆ ಹತ್ತತದ. ಅದಕ್ಕ ಬದ್ಲಿ, ಫ್ರಿಜ್ಜಿಂದ ತಗದು ಹತ್ತು ನಿಮಿಷ ಹೊರಗ ಇಟ್ಟ ಒದ್ದಿ ಐಸ್ ಹಾಕಿದ್ರ ತಿರುವೋದ್ರಾಗ ನೀರಚಹಾ ಆಗ್ತದ. ದೊಡ್ಡ, ಒಣ ಐಸ್ ಬೇಕು. ನಾ ಬಟ್ಟಲದಾಗ ನೀರು ಇಟ್ಟು ಗಟ್ಟಿ ಮಾಡಿ ಒಡದು ಹಾಕ್ತೇನಿ.

ಮರುದಿನ ಹೊಸಾ ವರ್ಮೂತ್ ತಂದು ಮತ್ತ 30-30-30 ಮಾಡಿದೆ. ವೈನಿ ಈ ಸಲ ಅರ್ಧ ಗ್ಲಾಸು ಕುಡದ್ರು. "ನಿನ್ನಿಗಿಂತ ಎಷ್ಟೋ ವಾಸಿ, ಆದ್ರ ಕಹಿ ಗಂಟಲದಾಗ ಕೂಡತದ" ಅಂದ್ರು. ಈಗ ಅಳತಿ ತಿದ್ದೋ ಹೊತ್ತು. ಒಂದು ಸಲಕ್ಕ ಒಂದೇ ಬಾಟ್ಲಿ ಮುಟ್ಟಬೇಕು, ಇಲ್ಲಾಂದ್ರ ಏನು ಕೆಲಸ ಮಾಡ್ತು ಅಂತ ತಿಳಿಯಂಗಿಲ್ಲ. ಕಂಪಾರಿ ಒಂದೇ 20ಕ್ಕ ಇಳಿಸಿದೆ, ಉಳದೆರಡು 30. ಕಂಪಾರಿ ತಗದ್ರ ಕಹಿ ಹೋಗ್ತದ, ಅದರ ಕೂಡ ಅದರ ಸಕ್ಕರಿನೂ ಹೋಗ್ತದ. ಅದಕ್ಕ ಗ್ಲಾಸು ಸಿಹಿ ಆಗಂಗಿಲ್ಲ, ಬರೇ ಮೆತ್ತಗಾಗ್ತದ. ಸಕ್ಕರಿ ಹಾಕೋದಕ್ಕೂ ಇದಕ್ಕೂ ಅದ ಫರಕು. ಆಮ್ಯಾಲೆ ನಾಕು ಹನಿ ಉಪ್ಪಿನ ನೀರು ಹಾಕಿದೆ. ಉಪ್ಪು ಕಹೀನ ಅಡಗಸ್ತದ. ಉಪ್ಪು ರುಚಿ ಬಂತು ಅಂದ್ರ ಹೆಚ್ಚಾತು ಅಂತ. ಕಿತ್ತಳಿ ಸಿಪ್ಪೀನ ಗ್ಲಾಸಿನ ಮ್ಯಾಲೆ ಹಿಂಡಿದೆ, ಆ ಎಣ್ಣಿ ವಾಸನಿ ಮೂಗಿಗೆ ಮೊದಲು ಹೋಗ್ತದ. ವೈನಿ ಏನೂ ಅನಲಿಲ್ಲ, ಗ್ಲಾಸು ಖಾಲಿ ಮಾಡಿದ್ರು.

ನಿಮಗ ಕಹಿ ಅಡ್ಡಿಯಿಲ್ಲ, ಸಿಹೀನ ಹೆಚ್ಚಾತು ಅನಿಸಿದ್ರ ದಾರಿ ಬ್ಯಾರೆ. ಜಿನ್ ಏರಸಬೇಕು, 40 ಇಲ್ಲಾ 45. ಸಿಹಿ, ಕಹಿ ಎರಡೂ ತೆಳು ಆಗ್ತಾವ. ನಮ್ಮನಿಯವರಿಗೆ ಹಂಗ ಬೇಕು. ಕೆಲವರು ಕಂಪಾರಿ ಬದ್ಲಿ ಅಪೆರೋಲ್ ಹಾಕ್ತಾರ. ಅದರಾಗ ಕಹಿ ಭಾಳ ಕಡಿಮಿ, ಸಕ್ಕರಿ ಮಾತ್ರ ಹಂಗ ಇರ್ತದ, ಅದಕ್ಕ ಸಮ ಅಳತಿ ಅಲ್ಲಿ ನಡಿಯಂಗಿಲ್ಲ. ಜಿನ್ ಏರಸದಿದ್ರ ಪಾಕ ಕುಡದಂಗ.

ಆದ್ರ ಜಿನ್ ಏರಸೋರಿಗೆ ಒಂದು ಲೆಕ್ಕ ಹೇಳತೇನಿ, ಇದನ್ನ ಯಾರೂ ಹೆಣ್ಣುಮಕ್ಕಳಿಗೆ ಹೇಳಂಗಿಲ್ಲ. ಗ್ಲಾಸು ಸಣ್ಣದು, ಬಣ್ಣ ಶರಬತ್ತಿನ್ದು, ಆದ್ರ 30-30-30 ಅಂದ್ರ ಒಂದೂವರಿ ಗ್ಲಾಸು ವೈನಿಗಿಂತ ಚೂರು ಹೆಚ್ಚ. ಜಿನ್ 45 ಮಾಡಿದ್ರ ಪೂರಾ ಎರಡು ಗ್ಲಾಸು ವೈನ್. ಸಮ ಅಳತಿದು ಇನ್ನೊಂದು ಸುಖ ಇಲ್ಲಿ ಅದ. 20-20-20 ಮಾಡಿದ್ರೂ ರುಚಿ ಅದ, ಸೊಕ್ಕು ಕಡಿಮಿ. ಅದಕ್ಕೂ ಹಗುರದ್ದು ಬೇಕಂದ್ರ ಜಿನ್ ಬಿಟ್ಟು ಪ್ರೊಸೆಕ್ಕೊ ಅನ್ನೋ ಬುರುಗಿನ ವೈನ್ ಹಾಕ್ರಿ. ಅದಕ್ಕ ಇಲ್ಲಿ ಸ್ಬಲ್ಯಾತೊ ಅಂತಾರ, ಅಂದ್ರ ತಪ್ಪಿದ್ದು. ನಮ್ಮ ಮಿಲಾನಿನ ಬಾರ್ ಬಾಸ್ಸೊದಾಗ ಅದು ಹೆಸರಾತು. ತಪ್ಪಿ ಹಾಕಿದ್ದಕ್ಕೂ ಹೆಸರಿಟ್ಟು ಮಾರಿದ ಊರಿನಾಗ ಕೂತು, ನಮ್ಮನಿಯವರ ದೋಸ್ತರು 10 ಎಂ.ಎಲ್. ಕಂಪಾರಿಗೆ ಜಗಳ ತಗೀತಾರ.

ವೈನಿ ಹೋಗೋ ಮುಂದ ತಮ್ಮ ಅಳತಿ, 30-20-30, ಉಪ್ಪು ನಾಕು ಹನಿ ಅಂತ ಚೀಟಿ ಬರದು ಪರ್ಸಿನಾಗ ಇಟಗೊಂಡ್ರು. ಕಾಕು ಕೇಳಿದ್ರ ಏನು ಹೇಳ್ತೀರಿ ಅಂದೆ. "ಕೇಳಿದ್ರ ಮಾಡಿ ಕೊಡ್ತೇನಿ" ಅಂದ್ರು. ಇಲ್ಲಿ ವರ್ಮೂತ್ ಬಾಟ್ಲಿ ಈಗ ಫ್ರಿಜ್ಜಿನ ಬಾಗಲದಾಗ, ಹಾಲಿನ ಬಾಜೂಕ ನಿಂತದ. ಮ್ಯಾಲೆ ವೈನಿ ಅಕ್ಷರದಾಗ ತೆಗದ ತಾರೀಖು ಅದ.