ಕೇಳಿದವರಿಗೆ ಏನು ಹೇಳಬೇಕು?

ಮಾಜಿ ಉದ್ಯೋಗಿಯೊಬ್ಬರ ಕುರಿತು ಬೇರೊಂದು ಸಂಸ್ಥೆ ವಿಚಾರಿಸಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. "ಬಹಳ ಒಳ್ಳೆಯ ಮನುಷ್ಯ, ಧಾರಾಳವಾಗಿ ತೆಗೆದುಕೊಳ್ಳಿ" ಎಂಬುದು ಒಂದು. "ಅವರ ವಿಷಯ ನನ್ನಲ್ಲಿ ಕೇಳಬೇಡಿ" ಎಂಬುದು ಇನ್ನೊಂದು. ಕೇಳಿದವರಿಗೆ ಈ ಎರಡರಿಂದಲೂ ಏನೂ ತಿಳಿಯುವುದಿಲ್ಲ. ಎರಡನೆಯದಂತೂ ಮೌನದ ವೇಷ ತೊಟ್ಟ ದೂಷಣೆ.

ಜಮಾಅತಿನ ಪ್ರೌಢಶಾಲೆಯೊಂದರ ಆಡಳಿತವನ್ನು ಕೆಲವು ವರ್ಷ ನೋಡಿಕೊಂಡವನು ನಾನು. ನಮ್ಮಲ್ಲಿ ಗಣಿತ ಬೋಧಿಸಿ ಬಿಟ್ಟುಹೋದ ಅಧ್ಯಾಪಕರೊಬ್ಬರ ಬಗ್ಗೆ ಬೇರೆ ಜಿಲ್ಲೆಯ ಶಾಲೆಯಿಂದ ಫೋನ್ ಬಂತು. ಫೋನಿನಲ್ಲಿ ಉತ್ತರಿಸಲಾರೆ, ಶಾಲೆಯ ಲೆಟರ್‌ಹೆಡ್‌ನಲ್ಲಿ ಪ್ರಶ್ನೆಗಳನ್ನು ಬರೆದು ಕಳುಹಿಸಿ ಎಂದೆ. ಕೇಳುತ್ತಿರುವವರು ಯಾರೆಂದು ದೃಢವಾಗಬೇಕು, ನಾನು ಹೇಳಿದ್ದು ಬಾಯಿಂದ ಬಾಯಿಗೆ ಹರಡುವಾಗ ಬೆಳೆಯಬಾರದು ಎಂಬುದಕ್ಕಾಗಿ. ಪತ್ರ ಬಂದಮೇಲೆ ಆ ಅಧ್ಯಾಪಕರಿಗೇ ಕರೆಮಾಡಿ, ನಮ್ಮ ಹೆಸರನ್ನು ಕೊಟ್ಟದ್ದು ಅವರೇ ಎಂಬುದನ್ನು ಖಚಿತಪಡಿಸಿಕೊಂಡೆ.

ಕಮಿಟಿಯ ಹಿರಿಯರಾದ ಹಾಜಿಯವರಿಗೆ ಇದು ಸರಿಬರಲಿಲ್ಲ. "ಉಸ್ತಾದರೇ, ಹೋದವರ ಕುಂದುಕೊರತೆಗಳನ್ನು ಬರೆದರೆ ಅದು ಗೀಬತ್ ಆಗುವುದಿಲ್ಲವೇ? ಒಳ್ಳೆಯದನ್ನಷ್ಟೇ ಬರೆದು ಕಳುಹಿಸಿಬಿಡಿ" ಎಂದರು. ಅವರ ಅಳುಕು ಪ್ರಾಮಾಣಿಕವಾದದ್ದೇ. ಆದರೆ ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಎರಡು ವಿವಾಹ ಪ್ರಸ್ತಾಪಗಳ ಕುರಿತು ಪ್ರವಾದಿ(ಸ)ಯವರಲ್ಲಿ ವಿಚಾರಿಸಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರಸ್ತಾಪಿಸಿದ ಇಬ್ಬರೂ ಸಹಾಬಿಗಳು. ಒಬ್ಬರ ಕೈಯಲ್ಲಿ ಸಂಪತ್ತಿಲ್ಲವೆಂದೂ ಇನ್ನೊಬ್ಬರು ಹೆಗಲ ಮೇಲಿನ ಕೋಲನ್ನು ಕೆಳಗಿಡುವವರಲ್ಲವೆಂದೂ ಪ್ರವಾದಿ(ಸ) ತಿಳಿಸಿದರು. ಇಬ್ಬರ ಬಗ್ಗೆಯೂ ಹೇಳಿದ್ದು ಒಂದೊಂದೇ ಸಂಗತಿ, ಅದೂ ಆಕೆಯ ನಿರ್ಧಾರಕ್ಕೆ ಬೇಕಾದಷ್ಟೇ. ಅವರ ಉಳಿದ ಬದುಕನ್ನು ಅಲ್ಲಿ ತೂಗಿ ನೋಡಲಿಲ್ಲ. ಇಮಾಮ್ ನವವಿಯವರು ಗೀಬತ್‌ಗಿರುವ ವಿನಾಯಿತಿಗಳನ್ನು ವಿವರಿಸುವಾಗ ಈ ಪ್ರಸಂಗವನ್ನು ಆಧಾರವಾಗಿ ಬಳಸಿದ್ದಾರೆ. ಹಾಜಿಯವರು ಸುಮ್ಮನಾದರು, ಪೂರ್ಣವಾಗಿ ಒಪ್ಪಿದರೋ ಇಲ್ಲವೋ ತಿಳಿಯದು.

ಬರೆಯಲು ಕುಳಿತಾಗ ನನ್ನ ನಿಜವಾದ ಸಮಸ್ಯೆ ಎದುರಾಯಿತು. ನನಗೆ ಅವರ ಮೇಲೆ ಕೋಪವಿತ್ತು. 2024ರ ಜನವರಿಯಲ್ಲಿ, ಎಸೆಸೆಲ್ಸಿ ಪರೀಕ್ಷೆಗೆ ಎರಡೇ ತಿಂಗಳಿರುವಾಗ, ಹತ್ತನೇ ತರಗತಿಯನ್ನು ನಡುನೀರಿನಲ್ಲಿ ಬಿಟ್ಟು ಅವರು ಹೊರಟುಹೋಗಿದ್ದರು. ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: "ಪಾಠ ಚೆನ್ನಾಗಿ ಮಾಡುತ್ತಾರೆ, ಆದರೆ ಜವಾಬ್ದಾರಿಯಿಲ್ಲ. ದಿನವೂ ತಡವಾಗಿ ಬರುತ್ತಿದ್ದರು." ಹೊಗಳಿಕೆ ಒಂದು, ತೆಗಳಿಕೆ ಎರಡು. ಸಮತೋಲನವಿದೆಯೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆಮೇಲೆ ಹಾಜರಿ ಪುಸ್ತಕವನ್ನು ತರಿಸಿದೆ. 2023ರ ಜೂನ್‌ನಿಂದ ಅವರು ಹೋಗುವವರೆಗಿನ ಪುಟಗಳಲ್ಲಿ ತಡವೆಂದು ಗುರುತಾದ ದಿನಗಳು 14. ಅವುಗಳಲ್ಲಿ 9 ದಿನಗಳಿಗೆ ಅವರು ಮೊದಲೇ ಬರೆದುಕೊಟ್ಟು ಅನುಮತಿ ಪಡೆದಿದ್ದರು. ಅನುಮತಿಯ ಸಹಿ ನನ್ನದೇ! ಅನುಮತಿಯಿಲ್ಲದೆ ತಡವಾದದ್ದು ಐದೇ ದಿನ. "ದಿನವೂ" ಎಂಬುದು ನನ್ನ ಕೋಪದ ಲೆಕ್ಕವಾಗಿತ್ತು, ಪುಸ್ತಕದ್ದಲ್ಲ. ಆ ಒಂಬತ್ತು ದಿನಗಳ ಕಾರಣ ಅವರ ಮನೆಯೊಳಗಿನ ವಿಷಯ. ಆದ್ದರಿಂದ ಪತ್ರದಲ್ಲಿ "ಅನುಮತಿ ಪಡೆದಿದ್ದರು" ಎಂದಷ್ಟೇ ಬರೆದು ಕಾರಣವನ್ನು ಬಿಟ್ಟೆ.

ಹೊಗಳಿಕೆಯನ್ನೂ ಇದೇ ಜರಡಿಯಲ್ಲಿ ಸೋಸಬೇಕಾಯಿತು. "ಚೆನ್ನಾಗಿ ಪಾಠ ಮಾಡುತ್ತಾರೆ" ಎಂದು ನಾನು ಹೇಗೆ ಬಲ್ಲೆ? ಅವರ ತರಗತಿಯಲ್ಲಿ ನಾನು ಕುಳಿತದ್ದು ಎರಡು ಸಲ ಮಾತ್ರ. ಹಾಗೆಂದೇ ಬರೆದೆ. ಅವರು ಕಲಿಸಿದ ಎರಡು ಎಸೆಸೆಲ್ಸಿ ತಂಡಗಳಲ್ಲಿ ಒಟ್ಟು 41 ಮಕ್ಕಳು, ಗಣಿತದಲ್ಲಿ ಮೊದಲ ಪ್ರಯತ್ನಕ್ಕೇ ತೇರ್ಗಡೆಯಾದವರು 38. ಈ ಮಕ್ಕಳಲ್ಲಿ ಕೆಲವರು ಹೊರಗೆ ಟ್ಯೂಷನ್‌ಗೂ ಹೋಗುತ್ತಿದ್ದರೆಂಬುದನ್ನು ಅದರ ಪಕ್ಕದಲ್ಲೇ ಸೇರಿಸಿದೆ. ಇಲ್ಲವಾದರೆ ಸಂಖ್ಯೆ ಸತ್ಯವಾಗಿದ್ದೂ ಕೇಳಿದವರನ್ನು ದಾರಿತಪ್ಪಿಸುತ್ತಿತ್ತು.

ಹೊರಟುಹೋದ ವಿಷಯಕ್ಕೆ ಬಂದಾಗ "ಮಕ್ಕಳನ್ನು ಕೈಬಿಟ್ಟರು" ಎಂಬ ಮಾತನ್ನು ಹೊಡೆದುಹಾಕಿದೆ. ಕರಾರಿನಂತೆ 30 ದಿನಗಳ ಮುನ್ಸೂಚನೆ ಕೊಡಬೇಕಿತ್ತು. ನಮ್ಮ ಆವಕ ಪುಸ್ತಕದ ಪ್ರಕಾರ ರಾಜೀನಾಮೆ ಪತ್ರ ಜನವರಿ 8ಕ್ಕೆ ಬಂದಿದೆ, ಅವರ ಕೊನೆಯ ದಿನ ಜನವರಿ 20, ಅಂದರೆ 12 ದಿನಗಳ ಅಂತರ. ಅಂಕಪಟ್ಟಿಗಳನ್ನೂ ಪಾಠಯೋಜನೆಯ ಪುಸ್ತಕವನ್ನೂ ಪೂರ್ತಿಯಾಗಿ ಒಪ್ಪಿಸಿಯೇ ಹೋದರು. ಇಷ್ಟನ್ನು ಬರೆದರೆ ಸಾಕು. ಇದನ್ನು ಹೇಗೆ ತೂಗಬೇಕೆಂಬುದು ಆ ಶಾಲೆಯವರ ಕೆಲಸ.

ಇನ್ನೊಂದು ಮಾತು ನನ್ನ ಕಿವಿಯಲ್ಲಿತ್ತು. ಅವರು ತಮ್ಮದೇ ವಿದ್ಯಾರ್ಥಿಗಳಿಗೆ ಸಂಜೆ ಹಣ ಪಡೆದು ಪಾಠ ಹೇಳುತ್ತಿದ್ದರೆಂದು ಯಾರೋ ಹೇಳಿದ್ದರು. ನಾವದನ್ನು ವಿಚಾರಿಸಲಿಲ್ಲ, ಅವರನ್ನು ಕೇಳಲೂ ಇಲ್ಲ. ಆಗ ವಿಚಾರಿಸದ ಸಂಗತಿಯನ್ನು ಈಗ ಬೇರೊಬ್ಬರ ಕಿವಿಗೆ ಹಾಕುವ ಅಧಿಕಾರ ನಮಗಿಲ್ಲ. "ಶಿಸ್ತುಕ್ರಮ ಜರುಗಿದೆಯೇ?" ಎಂಬ ಪ್ರಶ್ನೆಗೆ "ಇಲ್ಲ" ಎಂದು ಬರೆದೆ. ಸಂಬಳದ ಪ್ರಶ್ನೆಗೆ, ಅದನ್ನು ಅವರಿಂದಲೇ ಪಡೆಯಿರಿ ಎಂದೆ. "ಮತ್ತೆ ನೇಮಿಸಿಕೊಳ್ಳುವಿರಾ?" ಎಂಬುದು ಅಭಿಪ್ರಾಯದ ಪ್ರಶ್ನೆ. ಅದಕ್ಕೆ ಅಭಿಪ್ರಾಯವೆಂದು ಹೇಳಿಯೇ ಉತ್ತರಿಸಿದೆ: ಶೈಕ್ಷಣಿಕ ವರ್ಷದ ನಡುವೆ ಬಿಡುವುದಿಲ್ಲವೆಂದು ಬರೆದುಕೊಟ್ಟರೆ ನೇಮಿಸಿಕೊಳ್ಳುತ್ತೇನೆ.

ಕೇಳಿದ್ದಕ್ಕಷ್ಟೇ ಉತ್ತರ ಎಂಬ ಈ ಕ್ರಮ ಸಲ್ಲದ ಸಂದರ್ಭವೊಂದಿದೆ. ಅಧ್ಯಾಪಕನಿಂದ ಮಗುವಿಗೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದಿದ್ದೂ, ಸಂಸ್ಥೆಯ ಮಾನ ಉಳಿಸಲು ರಾಜೀನಾಮೆ ಪಡೆದು, "ನಡತೆ ಉತ್ತಮ" ಎಂಬ ಪ್ರಮಾಣಪತ್ರದೊಂದಿಗೆ ಸದ್ದಿಲ್ಲದೆ ಸಾಗಹಾಕುವುದು ಇನ್ನೊಂದು ಊರಿನ ಮಕ್ಕಳಿಗೆ ಮಾಡುವ ದ್ರೋಹ. ಅಲ್ಲಿ ಪರಾಮರ್ಶೆಯ ಪತ್ರ ಬರಲೆಂದು ಕಾಯುವ ಪ್ರಶ್ನೆಯೇ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ತಿಳಿದ ಕೂಡಲೇ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿರುವುದೇ ಅಪರಾಧ. ಮರ್ಯಾದೆಯ ಹೆಸರಿನಲ್ಲಿ ನಮ್ಮ ಕಮಿಟಿಗಳು ಈ ವಿಷಯದಲ್ಲಿ ತೋರುವ ಹಿಂಜರಿಕೆಯನ್ನು ನಾನು ಯಾವ ರೀತಿಯಲ್ಲೂ ಸಮರ್ಥಿಸಲಾರೆ.

ಸತ್ಯ ಬರೆದರೆ ಮಾನನಷ್ಟ ಮೊಕದ್ದಮೆ ಬೀಳುವುದಿಲ್ಲವೇ ಎಂದು ಕೆಲವರು ಅಂಜುತ್ತಾರೆ. ಇನ್ನೊಬ್ಬರ ಹಿತರಕ್ಷಣೆಗಾಗಿ ಸದ್ಭಾವದಿಂದ ಹೇಳಿದ ಮಾತಿಗೆ ಹಳೆಯ ದಂಡಸಂಹಿತೆಯ 499ನೇ ಕಲಮಿನಲ್ಲೂ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ವಿನಾಯಿತಿಯಿದೆ. ಆದರೆ ಸದ್ಭಾವವೆಂದರೆ ಎಚ್ಚರದಿಂದ ಪರಿಶೀಲಿಸಿ ಹೇಳಿದ್ದು ಎಂದರ್ಥ. ಹಾಜರಿ ಪುಸ್ತಕ ತೆರೆಯದೆ ಬರೆದ "ದಿನವೂ" ಎಂಬ ನನ್ನ ಪದಕ್ಕೆ ಆ ರಕ್ಷಣೆ ಸಿಗುತ್ತಿತ್ತೆಂಬ ಭರವಸೆ ನನಗಿಲ್ಲ.

ಪತ್ರದ ಪ್ರತಿಯೊಂದನ್ನು ಆ ಅಧ್ಯಾಪಕರಿಗೂ ಕಳುಹಿಸಿದೆ. ಕಳುಹಿಸಲು ಅಳುಕಾಗುವಂತಹ ವಾಕ್ಯವಿದ್ದರೆ ಅದು ಪತ್ರದಲ್ಲಿ ಇರಬಾರದೆಂದು ನನ್ನ ಲೆಕ್ಕ. ಮರುದಿನ ಅವರ ಕರೆ ಬಂತು. "ಉಸ್ತಾದ್, ಎಲ್ಲ ಸರಿಯಿದೆ. ಆದರೆ ನಾನು ರಾಜೀನಾಮೆ ಕೊಟ್ಟದ್ದು ಎಂಟಕ್ಕಲ್ಲ, ಐದಕ್ಕೆ" ಎಂದರು. ಗುಮಾಸ್ತರು ಶುಕ್ರವಾರ ಸಹಿ ಹಾಕಿಕೊಟ್ಟ ಪ್ರತಿಯ ಫೋಟೊ ಅವರಲ್ಲಿತ್ತು. ಆವಕ ಪುಸ್ತಕದಲ್ಲಿ ಅದನ್ನು ನಮೂದಿಸಿದ್ದು ಸೋಮವಾರ. 12 ದಿನಗಳೆಂಬುದನ್ನು 15 ಎಂದು ತಿದ್ದಿ, ತಪ್ಪು ನಮ್ಮ ಕಚೇರಿಯದೆಂದು ತಿಳಿಸಿ, ಆ ಶಾಲೆಗೆ ಅಂದೇ ಇನ್ನೊಂದು ಪತ್ರ ಬರೆದೆ.