ಸೌನಾ ಕಂಡ ಹಾಳೆಗೆ ಗ್ಯಾಸ್ ಗೀಜರ್ ಕಾಣಲಿಲ್ಲವೇ?

ಮಾನ್ಯ ಆರೋಗ್ಯಾಧಿಕಾರಿಗಳಿಗೆ,

ನಿಮ್ಮ ಹೆಸರನ್ನಾಗಲಿ ಕಚೇರಿಯನ್ನಾಗಲಿ ಇಲ್ಲಿ ಬರೆದಿಲ್ಲ. ನಾಲ್ಕು ಜನರೆದುರು ನಿಮ್ಮ ಮಾನ ಕಳೆಯುವುದು ನನ್ನ ಉದ್ದೇಶವಲ್ಲ, ಕೊಟ್ಟ ಮಾತು ನೆನಪಿಸಬೇಕಿದೆ. ಅರ್ಜಿ ಕೊಟ್ಟೆ, ಸ್ವೀಕೃತಿಯ ಮುದ್ರೆ ಬಿತ್ತು. ನೆನಪೋಲೆ ಬರೆದೆ, ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಈ ಸಲದ ಉಡಿ ತುಂಬುವ ಕಾರ್ಯಕ್ರಮದಲ್ಲಿ ಬಸುರಿಯರ ಕೈಗೆ ಹೊಸದಾಗಿ ಅಚ್ಚಾದ ಸೂಚನೆಯ ಹಾಳೆ ಬಂದಾಗ ಆಸೆಯಿಂದ ಬಿಡಿಸಿ ನೋಡಿದೆ. ಬಣ್ಣ ಬದಲಾಗಿದೆ, ಒಳಗಿನ ಮಾತು ಹಳೆಯದೇ. ಅದಕ್ಕೇ ಈ ಬಹಿರಂಗ ಪತ್ರ.

ನಮ್ಮ ಸೊಸೆಗೆ ಆದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು, ನಿಮಗೂ ಗೊತ್ತು. ಏಳು ತಿಂಗಳ ಬಸುರಿ, ಬಾಡಿಗೆ ಮನೆ, ಮಾರ್ಗಶಿರದ ಚಳಿ. ಬಚ್ಚಲ ಒಳಗೋಡೆಗೇ ಮನೆ ಮಾಲೀಕರು ಗ್ಯಾಸ್ ಗೀಜರ್ ಕೂಡಿಸಿದ್ದರು. ಗಾಳಿಕಿಂಡಿಗೆ ಗೋಣಿಚೀಲ ತುರುಕಿತ್ತು. ಚಳಿಗಾಲದಲ್ಲಿ ಗೋಕಾಕದಿಂದ ಸಂಕೇಶ್ವರದವರೆಗೆ ಎಷ್ಟು ಬಚ್ಚಲುಗಳಲ್ಲಿ ಇದೇ ಸ್ಥಿತಿ ಎಂದು ನೀವೇ ಹೋಗಿ ನೋಡಿ. ಅವಳಿಗಿಂತ ಮುಂಚೆ ಜಳಕ ಮಾಡಿದ ಹಿರಿಯ ಮೊಮ್ಮಗ ‘ತಲಿ ನೋಯಾಕತ್ತೈತಿ’ ಎಂದು ಮೂಲೆ ಹಿಡಿದು ಮಲಗಿದ್ದ. ಆಮೇಲೆ ಇವಳು ಹೋದಳು. ನೀರಿನ ಸಪ್ಪಳ ನಿಲ್ಲಲಿಲ್ಲ, ಕೂಗಿದರೆ ಓಗೊಡಲಿಲ್ಲ. ಬಾಗಿಲು ಒದ್ದು ತೆಗೆದು ಅಂಗಳಕ್ಕೆ ಎತ್ತಿ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

ಹತ್ತಿರದ ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. 99 ತೋರಿಸಿತು. ಬಿಪಿ ಸರಿ ಇತ್ತು. ‘ಸುಡುಸುಡು ನೀರು ಹಾಕ್ಕೊಂಡಾರ, ಚಕ್ಕರ್ ಬಂದೈತಿ. ಹಾಳ್ಯಾಗ ಬರದೈತೆಲ್ಲಾ, ಬಿಸಿನೀರಿನ ಸ್ನಾನ ಬ್ಯಾಡಂತ?’ ಎಂದರು. ಸಲೈನ್ ಹಚ್ಚಿ ಮನೆಗೆ ಕರೆದೊಯ್ಯಲು ಹೇಳಿದರು. ಗೀಜರ್ ಬಚ್ಚಲ ಒಳಗಿದೆ, ಹುಡುಗನಿಗೂ ತಲೆನೋವು ಬಂದಿದೆ, ಗಾಳಿಗೆ ತಂದ ಕೂಡಲೇ ಎಚ್ಚರವಾಗಿದೆ, ಇದು ಗ್ಯಾಸಿನ ವಿಷ ಎಂದು ನಾನು ಅಂದರೆ ಬಂದ ಉತ್ತರ: ‘ಸಿಸ್ಟರ್, ನೀವು ರಿಟೈರ್ ಆಗೀರಿ, ಆರಾಮ ಇರ್ರಿ.’ ವಾಹನ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿ ರಕ್ತ ಪರೀಕ್ಷೆ ಮಾಡಿ ಕಾರ್ಬನ್ ಮೊನಾಕ್ಸೈಡ್ ಎಂದು ಹೇಳಿ ರಾತ್ರಿಯಿಡೀ ಆಮ್ಲಜನಕ ಕೊಟ್ಟರು. ಕೂಸು ದಿನ ತುಂಬಿ ಹುಟ್ಟಿತು, ಚೆನ್ನಾಗಿದೆ. ಆದರೆ ಆಕೆ ಸಲೈನ್ ಹಚ್ಚಿಸಿಕೊಂಡು ಮನೆಗೆ ಹೋಗಿ ಮರುದಿನ ಅದೇ ಬಚ್ಚಲಿಗೆ ಇಳಿದಿದ್ದರೆ?

ಈ ಪ್ರಶ್ನೆಯನ್ನು ನಿಮ್ಮ ಸಭೆಯಲ್ಲಿ ಎದ್ದು ನಿಂತು ಕೇಳಿದ್ದೆ. ನೀವು ಸಮಾಧಾನದಿಂದ ಕೇಳಿಸಿಕೊಂಡಿರಿ. ‘ಖರೇ ಅದರಿ ಸಿಸ್ಟರ್. ಮುಂದಿನ ಸಲ ಅಚ್ಚು ಹಾಕಿಸುವಾಗ ಗೀಜರಿಂದು, ಆ್ಯಸಿಡ್ಡಿಂದು ಎರಡು ಸಾಲು ಸೇರಿಸ್ತೀವಿ’ ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಲ ಬಂದಾಯಿತು. ಆ ಎರಡು ಸಾಲು ಎಲ್ಲಿ?

ಓದುವವರಿಗೆ ತಿಳಿಯಲೆಂದು ಆ ಎರಡು ಸಾಲಿನ ಹಿಂದಿರುವುದನ್ನು ನಾನೇ ಬಿಡಿಸಿ ಹೇಳುತ್ತೇನೆ. ಸಿಲಿಂಡರಿನ ಗ್ಯಾಸ್ ಚೆನ್ನಾಗಿ ಉರಿಯಲು ಸಾಕಷ್ಟು ಗಾಳಿ ಬೇಕು. ಮುಚ್ಚಿದ ಬಚ್ಚಲಲ್ಲಿ ಗೀಜರು ಅಲ್ಲಿರುವ ಗಾಳಿಯನ್ನೇ ಉಂಡು ಉರಿಯುತ್ತದೆ. ಗಾಳಿ ಕಡಿಮೆಯಾದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಬೇರೆ. ಇಲ್ಲಿ ಗ್ಯಾಸ್ ಸೋರದೆಯೂ ವಿಷ ಹುಟ್ಟುತ್ತದೆ. ನೀಲಿ ಉರಿ ಹಳದಿಗೆ ತಿರುಗಿದರೆ, ಗೀಜರಿನ ಬಾಯಿಗೆ ಮಸಿ ಹಿಡಿದರೆ ಎಚ್ಚರವಾಗಬೇಕು. ಉರಿ ನೀಲಿ ಇದೆ ಎಂದು ಕಿಂಡಿ ಮುಚ್ಚುವುದೂ ಸಲ್ಲದು. ಬಚ್ಚಲಿಗೆ ಹೋದವರಿಗೆಲ್ಲ ಒಬ್ಬರ ಹಿಂದೆ ಒಬ್ಬರಿಗೆ ತಲೆನೋವು, ವಾಕರಿಕೆ ಬಂದು ಹೊರಗೆ ಬಂದರೆ ಇಳಿಯಿತೆಂದರೆ ಇನ್ನಾವ ಸಾಕ್ಷಿಯೂ ಬೇಡ.

ಈ ವಿಷ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಸಿ ಕೂತವನು ಏಳದ ಹಾಗೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಸೀಟು ತುಂಬಿದೆಯೇ ಎಂದಷ್ಟೇ ನೋಡುತ್ತದೆ, ಕೂತವರು ಯಾರೆಂದು ನೋಡುವುದಿಲ್ಲ. ಹೀಗಾಗಿ ರಕ್ತದಲ್ಲಿ ವಿಷ ತುಂಬಿದ್ದರೂ 98, 99 ಎಂದು ತೋರಿಸುತ್ತದೆ. ಸಾಹೇಬರೇ, ನಮ್ಮ ಸೊಸೆಯನ್ನು ಮನೆಗೆ ಕಳಿಸಲು ಹೊರಟಿದ್ದು ಆ 99. ಇದನ್ನು ಹಿಡಿಯಲು ರಕ್ತ ತೆಗೆದು ಕಾರ್ಬಾಕ್ಸಿಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಬೇಕು. ಆ ಸೌಲಭ್ಯ ಇಲ್ಲದ ಕಡೆ, ಬಚ್ಚಲಲ್ಲಿ ಗ್ಯಾಸ್ ಗೀಜರ್ ಇತ್ತೇ ಎಂಬ ಒಂದು ಪ್ರಶ್ನೆ ಕೇಳಿ ಆಮ್ಲಜನಕ ಹಚ್ಚಿ ಮುಂದೆ ಕಳಿಸಬೇಕು.

ಬಸುರಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೊಟ್ಟೆಯೊಳಗಿನ ಕೂಸಿನ ಹಿಮೋಗ್ಲೋಬಿನ್ ಈ ವಿಷವನ್ನು ತಾಯಿಯದಕ್ಕಿಂತ ಗಟ್ಟಿಯಾಗಿ ಹಿಡಿದಿಡುತ್ತದೆ. ತಾಯಿಯ ರಕ್ತದಲ್ಲಿ ಏರಿದ ಮೇಲೆ ಕೂಸಿನಲ್ಲಿ ನಿಧಾನಕ್ಕೆ ಏರುತ್ತದೆ, ಕೊನೆಗೆ ತಾಯಿಯದನ್ನೂ ಮೀರುತ್ತದೆ, ಇಳಿಯುವಾಗಲೂ ತಾಯಿಯ ಹಿಂದೆ ಇಳಿಯುತ್ತದೆ. ತಾಯಿ ಎದ್ದು ಕೂತು ಚಹಾ ಕುಡಿಯುವ ಹೊತ್ತಿಗೆ ಒಳಗೆ ಕೂಸು ಇನ್ನೂ ಉಸಿರಿಗೆ ಪರದಾಡುತ್ತಿರಬಹುದು. ಅದಕ್ಕೇ ಚೀಲವಿರುವ ಬಿಗಿ ಮಾಸ್ಕಿನಲ್ಲಿ ಪೂರ್ಣ ಆಮ್ಲಜನಕ ಕೊಡಬೇಕು. ತಾಯಿಯ ರಕ್ತ ಸರಿಹೋದ ಮೇಲೂ ಹಲವು ತಾಸು ಮುಂದುವರಿಸಬೇಕು, ಕೂಸಿನ ಎದೆಬಡಿತ ನೋಡುತ್ತಲೇ ಇರಬೇಕು. ಮನೆಯವರು ಮಾಡಬೇಕಾದ್ದು ಇಷ್ಟು: ಬಾಗಿಲು ತೆರೆದು ಅವಳನ್ನು ಬಯಲಿಗೆ ತರುವುದು, ಗ್ಯಾಸ್ ಬಂದ್ ಮಾಡುವುದು, ಎಡ ಮಗ್ಗುಲಿಗೆ ಮಲಗಿಸುವುದು, 108ಕ್ಕೆ ಕರೆ ಮಾಡುವುದು, ಗೀಜರಿನ ಮಾತನ್ನು ಮೊದಲೇ ಹೇಳುವುದು.

ಇನ್ನು ನಿಮ್ಮ ಹಾಳೆ. ಮೊದಲ ಸಾಲು: ಸೌನಾ, ಹಾಟ್ ಟಬ್, ಬಿಸಿನೀರಿನ ಸ್ನಾನ ಬೇಡ. ಮೂಡಲಗಿ ತಾಲೂಕಿನ ಕಬ್ಬಿನ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಸೌನಾ ಎಲ್ಲಿ ಹುಡುಕಬೇಕು? ಆ ಎಚ್ಚರಿಕೆ ಸುಳ್ಳಲ್ಲ. ಗರ್ಭದ ಮೊದಲ ವಾರಗಳಲ್ಲಿ ಮೈಯ ಒಳಗಿನ ಶಾಖ 39 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ನಿಂತರೆ ಕೂಸಿನ ಬೆನ್ನುಹುರಿ ಕೂಡಿಕೊಳ್ಳುವುದಕ್ಕೆ ಅಡ್ಡಿಯಾಗುವ ಭಯ ಇದೆ. ಕುತ್ತಿಗೆವರೆಗೆ ಸುಡುನೀರಲ್ಲಿ ಮುಳುಗಿ ಕೂತರೆ ಆ ಶಾಖ ಏರುತ್ತದೆ. ಹಂಡೆಯ ನೀರು ತೋಡಿ ತಂಬಿಗೆಯಲ್ಲಿ ಹೊಯ್ದುಕೊಂಡರೆ ಒಳಗಿನ ಶಾಖ ಅಷ್ಟು ಏರುವುದಿಲ್ಲ. ನೀರು ತೀರಾ ಸುಡುತ್ತಿದ್ದರೆ ತಲೆ ತಿರುಗಿ ಜಾರಿ ಬೀಳಬಹುದು, ಹದ ನೋಡಿಕೊಂಡರೆ ಸಾಕು. ಆ ದಿನಗಳಲ್ಲಿ ಮೈ ಶಾಖ ಏರಿಸುವುದು ಜ್ವರ. ಜ್ವರ ಬಂದರೆ ತಡಮಾಡದೆ ತೋರಿಸಿ ಎಂಬ ಮಾತು ಹಾಳೆಯಲ್ಲಿ ಇಲ್ಲ. ಬಿಸಿನೀರಿನ ಮೇಲೆ ಗೂಬೆ ಕೂರಿಸಿದ ಆ ಸಾಲೇ ಅಂದು ಆಸ್ಪತ್ರೆಯಲ್ಲಿ ನಮಗೆ ಉತ್ತರವಾಗಿ ಬಂದದ್ದು.

ಎರಡನೆಯ ಸಾಲು: ಬೆಕ್ಕು ಸಾಕಬೇಡಿ, ಬೆಕ್ಕಿನ ಶೌಚದ ತಟ್ಟೆ ಮುಟ್ಟಬೇಡಿ. ನಮ್ಮ ಬೆಕ್ಕಿಗೆ ತಟ್ಟೆ ಇಲ್ಲ, ಹಿತ್ತಲೇ ಅದರ ಶೌಚಾಲಯ, ಮನೆ ಕಟ್ಟಲು ಹಾಕಿದ ಉಸುಕಿನ ಗುಡ್ಡೆಯೂ ಅದರದ್ದೇ. ಟಾಕ್ಸೊಪ್ಲಾಸ್ಮಾ ಎಂಬ ಆ ಜೀವಿ ಬೆಕ್ಕಿನ ಮಲದಲ್ಲಿ ಬಿದ್ದ ಕೂಡಲೇ ಸೋಂಕು ಹಚ್ಚುವುದಿಲ್ಲ, ಅದು ಹುರಿಯಾಗಲು ಒಂದರಿಂದ ಐದು ದಿನ ಬೇಕು. ಬೆಕ್ಕು ಅದನ್ನು ಹೊರಹಾಕುವುದೂ ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗಲಿದ ಒಂದೆರಡು ವಾರವಷ್ಟೇ. ಅಂದರೆ ತೊಡೆಯ ಮೇಲಿನ ಬೆಕ್ಕಿಗಿಂತ ಹಿತ್ತಲ ಮಣ್ಣಿಗೆ, ರೊಟ್ಟಿ ಜೊತೆ ನಾವು ಹಸಿಯಾಗಿ ತಿನ್ನುವ ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಗಜ್ಜರಿಗೆ, ಅರೆಬೆಂದ ಮಾಂಸಕ್ಕೆ ಹೆದರಬೇಕು. ಸೊಪ್ಪು ನಾಲ್ಕು ನೀರಲ್ಲಿ ತೊಳೆಯಿರಿ, ಮಣ್ಣು ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ ಎಂದು ಬರೆಯಬಹುದಿತ್ತು. ನಿಮ್ಮ ಹಾಳೆ ಓದಿ ಎಷ್ಟೋ ಮನೆಗಳಲ್ಲಿ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬಂದರು, ಸೊಪ್ಪನ್ನು ಮಾತ್ರ ಹಾಗೇ ತಿಂದರು.

ಮೂರನೆಯದು: ರಾಸಾಯನಿಕಗಳಿಂದ ದೂರವಿರಿ. ಯಾವ ರಾಸಾಯನಿಕ? ಫಿನೈಲ್ ಹಾಕಿ ಕಿಟಕಿ ತೆರೆದು ನೆಲ ಒರೆಸಿದ್ದಕ್ಕೆ ಅತ್ತು ಕೂತ ಹುಡುಗಿಯರನ್ನು ನಾನು ನೋಡಿದ್ದೇನೆ. ಕೇಡು ಇರುವುದು ಬೆರಕೆಯಲ್ಲಿ. ಸಂಡಾಸಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಅದರ ಮೇಲೇ ಆ್ಯಸಿಡ್ ಸುರಿದರೆ ಕ್ಲೋರಿನ್ ಏಳುತ್ತದೆ. ಇದು ಮೊನಾಕ್ಸೈಡಿನಂತೆ ಕಳ್ಳನಲ್ಲ. ಕಣ್ಣಲ್ಲಿ ನೀರು, ಗಂಟಲು ಕಟ್ಟುವ ಕೆಮ್ಮು ಬಂದು ತಾನೇ ಸಾರುತ್ತದೆ. ಆಗ ಇನ್ನೊಂದು ಡಬ್ಬಿ ಸುರಿಯಲು ನಿಲ್ಲದೆ ಹೊರಗೆ ಓಡಬೇಕು. ಕೆಮ್ಮು, ಏದುಸಿರು ಹೋಗದಿದ್ದರೆ, ಅಥವಾ ಕೆಲವು ತಾಸಿನ ನಂತರ ಶುರುವಾದರೂ ಆಸ್ಪತ್ರೆಗೆ ಹೋಗಬೇಕು. ತಾಯಿಯ ಪುಪ್ಪುಸ ಸೋತರೆ ಕೂಸಿನ ಉಸಿರೂ ಸೋಲುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿ ಇಳಿದ ಮೇಲೆ ಕೆಸರು ತೆಗೆದು ಮನೆ ತೊಳೆದವರು ಹೆಂಗಸರೇ. ಪುಡಿ ಯಾವುದರ ಜೊತೆ ಕೂಡಿಸಬಾರದು ಎಂದು ಅವರಿಗೆ ಹೇಳಿಕೊಡುವುದು ಯಾರ ಕೆಲಸ?

ಇಷ್ಟನ್ನೂ ನಿಮ್ಮ ಸಭೆಯಲ್ಲೇ ಹೇಳಿದ್ದೆ, ನೀವು ತಲೆ ಆಡಿಸಿದ್ದಿರಿ. ನಿಮ್ಮ ಹಾಳೆಯಲ್ಲಿ ಜಾಗ ಇಲ್ಲ ಎನ್ನಬೇಡಿ. ಅರ್ಧ ಹಾಳೆ ತುಂಬ ಗಣ್ಯರ ಭಾವಚಿತ್ರಗಳಿವೆ. ಎರಡು ಮುಖ ತೆಗೆದರೆ ಎರಡು ಸಾಲು ಕೂಡುತ್ತವೆ. ದುಡ್ಡಿಲ್ಲ ಎನ್ನಬೇಡಿ, ಹೇಗೂ ಅಚ್ಚು ಹಾಕಿಸಿದಿರಿ. ಅಧಿಕಾರ ಮೇಲಿನವರದ್ದು ಎನ್ನುವುದಾದರೆ, ಸಭೆಯಲ್ಲಿ ಮಾತು ಕೊಡುವಾಗ ಆ ಮೇಲಿನವರು ಎಲ್ಲಿದ್ದರು? ಚಪ್ಪಾಳೆ ನಿಮಗೆ, ಹೊಣೆ ಬೆಂಗಳೂರಿಗೆ. ರಸ್ತೆ ಕೇಳಿದರೂ ಇದೇ, ನೀರು ಕೇಳಿದರೂ ಇದೇ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಮಾತಿನಲ್ಲಿ ಇಡೀ ಸರಕಾರ ನಡೆಸುತ್ತೀರಿ.

ಈಗ ಕೇಳುವುದನ್ನು ಸ್ಪಷ್ಟವಾಗಿ ಕೇಳುತ್ತೇನೆ. ಹಾಳೆಯಲ್ಲಿ ಆ ಎರಡು ಸಾಲು ಬರಬೇಕು: ಗ್ಯಾಸ್ ಗೀಜರ್ ಬಚ್ಚಲ ಹೊರಗಿರಲಿ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ, ಬ್ಲೀಚಿಂಗ್ ಪೌಡರ್, ಆ್ಯಸಿಡ್ ಎಂದೂ ಕೂಡಿಸಬೇಡಿ. ಗೀಜರನ್ನು ಹೊರಗೆ ಹಾಕಿಸಲು ಆಗದ ಬಾಡಿಗೆ ಮನೆಯವರು ಗೀಜರ್ ಹಚ್ಚಿ ಬಕೆಟ್ಟು ತುಂಬಿಸಿಕೊಂಡು, ಆರಿಸಿ, ಬಾಗಿಲು ತೆರೆದು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಲಿ. ತಾಯಿ ಕಾರ್ಡ್ ಬರೆಯುವಾಗ ಆಶಾ ಕಾರ್ಯಕರ್ತೆಯರು ನೀರು ಹೇಗೆ ಕಾಯಿಸುತ್ತೀರಿ ಎಂದು ಕೇಳಲಿ. ಬಚ್ಚಲಲ್ಲಿ ಬಿದ್ದ ಬಸುರಿ ಬಂದರೆ ಆಕ್ಸಿಮೀಟರ್ ನಂಬಿ ಮನೆಗೆ ಕಳಿಸಬಾರದೆಂದು ನಿಮ್ಮ ಸಿಬ್ಬಂದಿಗೆ ಲಿಖಿತ ಸೂಚನೆ ಹೋಗಲಿ.

ದೀಪಾವಳಿ ಮುಗಿದರೆ ಚಳಿ, ಚಳಿ ಬಂದರೆ ಗಾಳಿಕಿಂಡಿಗೆ ಗೋಣಿಚೀಲ. ಅಷ್ಟರೊಳಗೆ ಹಾಳೆ ಬರಲಿ. ಬರದಿದ್ದರೆ ನಾವು ಹೆಂಗಸರೇ ಆ ಎರಡು ಸಾಲು ಬರೆದು ನಿಮ್ಮ ಕಚೇರಿ ಗೋಡೆಯಿಂದ ಹಿಡಿದು ಗೀಜರ್ ಮಾರುವ ಅಂಗಡಿಗಳವರೆಗೆ ಅಂಟಿಸುತ್ತೇವೆ. ಅನುಮತಿ ಯಾರು ಕೊಟ್ಟರು ಎಂದು ಆಗ ನೋಟಿಸ್ ಕಳಿಸಿದರೆ, ನಾನೂ ‘ಪರಿಶೀಲನೆಯಲ್ಲಿದೆ’ ಎಂದೇ ಉತ್ತರ ಬರೆಯುತ್ತೇನೆ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕಿ, ಒಬ್ಬ ಅತ್ತೆ
ಹುಕ್ಕೇರಿ ತಾಲೂಕು