ನಾಲ್ಕು ಭಾಷೆ ಬರುತ್ತದೆ ಎಂದರೆ ಸಾಲದು

ಯಳಂದೂರಿನ ಬಿ.ಕಾಂ. ಪದವೀಧರೆಯೊಬ್ಬಳು ತನ್ನ ಅರ್ಜಿಪತ್ರವನ್ನು ಒಮ್ಮೆ ನೋಡಿಕೊಡಿ ಎಂದು ಕಳಿಸಿದ್ದಳು. ಮನೆಯಲ್ಲೇ ಕುಳಿತು ಮಾಡುವ ಗ್ರಾಹಕ ಸೇವೆಯ ಕೆಲಸ. ಮೊಬೈಲಿನಲ್ಲಿ ಹಣ ಕಳಿಸುವ ಆ್ಯಪ್ ಒಂದರ ಗ್ರಾಹಕರಿಗೆ ಕನ್ನಡ ಮತ್ತು ತಮಿಳಿನಲ್ಲಿ ಉತ್ತರ ಕೊಡಬೇಕು. ಇಂಗ್ಲಿಷಿನಲ್ಲಿದ್ದ ಆ ಪತ್ರದ ಮುಕ್ಕಾಲು ಭಾಗ ತಾನು ಶ್ರಮಜೀವಿ, ತಂಡದೊಂದಿಗೆ ಹೊಂದಿಕೊಂಡು ಹೋಗುವವಳು, ಹೊಸದನ್ನು ಬೇಗ ಕಲಿಯುವವಳು ಎಂಬ ಮಾತುಗಳಲ್ಲೇ ಕಳೆದಿತ್ತು. ಆ ಕೆಲಸಕ್ಕೆ ನಿಜವಾಗಿ ಬೇಕಾಗಿದ್ದ ಸಂಗತಿ ಕೊನೆಯ ಸಾಲಿನಲ್ಲಿತ್ತು: ‘ನನಗೆ ಕನ್ನಡ, ಇಂಗ್ಲಿಷ್, ತಮಿಳು ಮತ್ತು ಹಿಂದಿ ಬರುತ್ತದೆ.’

ಈ ಒಂದು ಸಾಲನ್ನು ಬಿಡಿಸಿ ಬರೆದಿದ್ದರೆ ಅದೇ ಒಳ್ಳೆಯ ಪತ್ರವಾಗುತ್ತಿತ್ತು. ನಮ್ಮ ಕಡೆಯ ಮಕ್ಕಳು ಬರೆಯುವ ಬಹಳಷ್ಟು ಅರ್ಜಿಗಳಲ್ಲಿ ಭಾಷೆಗೆ ಸಿಗುವ ಜಾಗ ಇಷ್ಟೇ ಆದ್ದರಿಂದ ಈ ವಾರ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಇಂಥ ಕೆಲಸ ಯಳಂದೂರಿನ ಮನೆಯವರೆಗೆ ಬಂದದ್ದೇ ಇತ್ತೀಚೆಗೆ. ಕಾಲ್ ಸೆಂಟರ್ ನಡೆಸುವ ಸಂಸ್ಥೆಗಳಿಗೆ ದೂರಸಂಪರ್ಕ ಇಲಾಖೆಯ ಕಟ್ಟುನಿಟ್ಟಿನ ನಿಯಮಗಳಿದ್ದವು. ನೌಕರರನ್ನು ಮನೆಯಲ್ಲಿ ಕೂರಿಸಿ ಕೆಲಸ ಮಾಡಿಸುವುದು ಭಾರಿ ರಗಳೆಯ ಸಂಗತಿಯಾಗಿತ್ತು. 2020ರ ನವೆಂಬರ್‌ನಲ್ಲಿ ಮತ್ತು 2021ರ ಜೂನ್‌ನಲ್ಲಿ ಆ ನಿಯಮಗಳನ್ನು ಸಡಿಲಿಸಿದ ಮೇಲೆ ಮನೆಯಿಂದ ಮಾತ್ರವಲ್ಲ, ದೇಶದ ಯಾವ ಊರಿನಿಂದ ಬೇಕಾದರೂ ಕರೆ ಸ್ವೀಕರಿಸುವುದು ಸುಲಭವಾಯಿತು. ಈಗ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಹುಡುಗಿಯೂ ಬೆಂಗಳೂರಿನ ಪಿ.ಜಿ. ಬಾಡಿಗೆ ಕಟ್ಟದೆ ಈ ಕೆಲಸಕ್ಕೆ ಅರ್ಜಿ ಹಾಕಬಹುದು. ಆದರೆ ಅದೇ ಕೆಲಸಕ್ಕೆ ಹುಬ್ಬಳ್ಳಿ, ಹೊಸೂರು, ಸೇಲಂಗಳಿಂದಲೂ ಅರ್ಜಿ ಬರುತ್ತದೆ. ಆದ್ದರಿಂದ ಪತ್ರ ಮೊದಲಿಗಿಂತ ಹೆಚ್ಚು ಕೆಲಸ ಮಾಡಬೇಕಾಗಿದೆ.

ಅರ್ಜಿ ಓದುವವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, ಇವಳನ್ನು ಎಲ್ಲಿ ಕೂರಿಸಲಿ ಎಂಬುದು. ಫೋನ್ ಎತ್ತಲು ಬೇಕಾದದ್ದು ಕಿವಿ ಮತ್ತು ಮಾತು. ಚಾಟ್‌ಗೆ ಬೇಕಾದದ್ದು ಓದು ಮತ್ತು ಬೆರಳಿನ ವೇಗ. ಅಲ್ಲಿ ಒಂದೇ ಹೊತ್ತಿನಲ್ಲಿ ಇಬ್ಬರು ಮೂವರು ಗ್ರಾಹಕರಿಗೆ ಉತ್ತರಿಸಬೇಕಾಗುತ್ತದೆ. ಇಮೇಲ್‌ಗೆ ತಿದ್ದಿ ಬರೆಯುವ ಶಿಸ್ತು ಬೇಕು. ‘ತಮಿಳು ಬರುತ್ತದೆ’ ಎನ್ನುವ ಸಾಲು ಈ ಮೂರರಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ.

ಆ ಹುಡುಗಿಯನ್ನೇ ಕೇಳಿದೆ, ತಮಿಳು ಎಷ್ಟು ಬರುತ್ತಮ್ಮ ಎಂದು. ‘ನಮ್ಮ ಅಜ್ಜಿ ಮನೆ ಹನೂರು ಕಡೆ ಸಾರ್. ಎಷ್ಟೊತ್ತು ಬೇಕಾದ್ರೂ ಮಾತಾಡ್ತೀನಿ. ಅಕ್ಷರ ಮಾತ್ರ ಬರಲ್ಲ’ ಎಂದಳು. ಇದು ನಮ್ಮ ಸೀಮೆಯ ಸಹಜ ಸ್ಥಿತಿ. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು, ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಪಕ್ಕದ ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಬೇರೆ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಇತ್ತು. ಮಾರ್ಟಳ್ಳಿ, ಗೋಪಿನಾಥಂ ಕಡೆಗಳಲ್ಲಿ ಇವತ್ತಿಗೂ ಮನೆಮಾತು ತಮಿಳು. ಮಲೆ ಮಹದೇಶ್ವರ ಬೆಟ್ಟಕ್ಕೆ ಗಡಿಯಾಚೆಯ ಭಕ್ತರು ಬರುತ್ತಾರೆ. ಹೀಗಾಗಿ ಶಾಲೆಯಲ್ಲಿ ಕನ್ನಡ ಕಲಿತು, ತಮಿಳನ್ನು ಕಿವಿಯಿಂದಲೇ ಕಲಿತವರು ಇಲ್ಲಿ ಬೇಕಾದಷ್ಟಿದ್ದಾರೆ.

ಇವಳನ್ನು ಕಂಪನಿ ತಮಿಳು ಫೋನ್ ಕರೆಗಳಿಗೆ ಕೂರಿಸಿದರೆ ಚಿನ್ನದಂಥ ಕೆಲಸಗಾರ್ತಿ. ತಮಿಳು ಚಾಟ್‌ಗೆ ಕೂರಿಸಿದರೆ ಮೊದಲ ದಿನವೇ ಸಿಕ್ಕಿಬೀಳುತ್ತಾಳೆ. ಇಂಗ್ಲಿಷ್ ಅಕ್ಷರದಲ್ಲಿ ತಮಿಳು ಬರೆಯುವ ಗ್ರಾಹಕರನ್ನು ಹೇಗೋ ನಿಭಾಯಿಸಬಹುದು. ತಮಿಳು ಲಿಪಿಯಲ್ಲಿ ಬಂದ ದೂರು ಅವಳಿಗೆ ಬರೀ ಗೆರೆಗಳು. ಈ ಮಿತಿಯನ್ನು ಪತ್ರದಲ್ಲಿ ಅವಳೇ ಹೇಳಿಬಿಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮುಚ್ಚಿಟ್ಟರೆ ಸಂದರ್ಶನದಲ್ಲಿ ಎರಡೇ ನಿಮಿಷಕ್ಕೆ ಬಯಲಾಗುತ್ತದೆ, ಆಮೇಲೆ ಅವಳ ಕನ್ನಡದ ಮಾತನ್ನೂ ಅವರು ನಂಬುವುದಿಲ್ಲ. ಹಿಂದಿಯನ್ನು ಅವಳು ಕಲಿತದ್ದು ಸಿನಿಮಾ ನೋಡಿ. ಅರ್ಥವಾಗುತ್ತದೆ, ಸಿಟ್ಟಾದ ಗ್ರಾಹಕನಿಗೆ ಉತ್ತರ ಕೊಡುವಷ್ಟು ಬರುವುದಿಲ್ಲ. ಅದನ್ನು ತೆಗೆದುಹಾಕಿಸಿದೆ.

ಇನ್ನು ಕನ್ನಡ. ನಮ್ಮ ಭಾಷೆ ತಾನೇ, ಅದರಲ್ಲಿ ಹೇಳುವುದೇನಿದೆ ಎಂದು ಎಲ್ಲರೂ ಹಾರಿಸಿಬಿಡುವುದು ಇಲ್ಲೇ. ಕನ್ನಡ ಮಾತಾಡುವುದು ಬೇರೆ, ಕಂಪ್ಯೂಟರಿನಲ್ಲಿ ಗ್ರಾಹಕ ಕಾಯುತ್ತಿರುವಾಗ ಕನ್ನಡ ಟೈಪ್ ಮಾಡುವುದು ಬೇರೆ. ಕಂಪ್ಯೂಟರ್ ಕ್ಲಾಸಿನಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಕಲಿತವರು ಒಂದು ಪರೀಕ್ಷೆ ಮಾಡಿ ನೋಡಬೇಕು. ನೀವು ಟೈಪ್ ಮಾಡಿದ್ದನ್ನು ನಕಲು ಮಾಡಿ ಗೆಳೆಯರ ವಾಟ್ಸ್ಆ್ಯಪ್‌ಗೆ ಕಳಿಸಿ. ಅಲ್ಲಿ ಕನ್ನಡ ಕಂಡರೆ ಅದು ಯೂನಿಕೋಡ್. ಇಂಗ್ಲಿಷಿನ ಚೂರುಪಾರು ಅಕ್ಷರಗಳು, ಚಿಹ್ನೆಗಳು ಕಂಡರೆ ಗ್ರಾಹಕನ ಪರದೆಯ ಮೇಲೂ ಅದೇ ಕಾಣುತ್ತದೆ. ಮತ್ತೊಂದು ಸಂಗತಿ, ಕಂಪನಿ ಕೊಡುವ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ತಂತ್ರಾಂಶ ಹಾಕಿಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆಯನ್ನು ಕಲಿತಿದ್ದರೆ ‘ಬೇರೆ ತಂತ್ರಾಂಶದ ನೆರವಿಲ್ಲದೆ ಕನ್ನಡ ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತೇನೆ’ ಎಂದು ಬರೆಯಬಹುದು. ಈ ಕೆಲಸ ಬಲ್ಲವರು ಆ ಒಂದು ಸಾಲಿಗೆ ತಲೆಯೆತ್ತಿ ನೋಡುತ್ತಾರೆ.

ಮಾತಿನ ವಿಚಾರಕ್ಕೆ ಬಂದರೆ ನಮ್ಮ ಮಕ್ಕಳಿಗೊಂದು ಅಳುಕಿದೆ. ಚಾಮರಾಜನಗರದ ಕನ್ನಡ ಆಡಿದರೆ ನಗುತ್ತಾರೆ ಎಂದು ಹೆದರಿ, ಸಂದರ್ಶನದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾರೆ. ಅದು ಬೇಕಿಲ್ಲ. ಸ್ಪಷ್ಟವಾಗಿ, ನಿಧಾನವಾಗಿ, ಮರ್ಯಾದೆಯಿಂದ ಮಾತಾಡಿದರೆ ಸಾಕು. ನಿಜವಾದ ಪರೀಕ್ಷೆ ಇರುವುದು ಕೇಳಿಸಿಕೊಳ್ಳುವುದರಲ್ಲಿ. ಕಲಬುರಗಿಯ ರೈತರೊಬ್ಬರು ಫೋನ್ ಮಾಡಿ ‘ರೊಕ್ಕ ಕಟ್ ಆಗ್ಯಾದ್ರಿ, ಅಂಗಡ್ಯಾಂವಗ ಮುಟ್ಟಿಲ್ರಿ’ ಎಂದಾಗ ಮತ್ತೊಮ್ಮೆ ಹೇಳಿ ಎನ್ನದೆ ವಿಷಯ ಹಿಡಿದುಕೊಳ್ಳಬೇಕು. ಈ ಹುಡುಗಿಗೆ ಅದು ಸಾಧ್ಯವಿತ್ತು. ಕಾಲೇಜು ಹಾಸ್ಟೆಲಿನಲ್ಲಿ ಅವಳ ಕೋಣೆಯ ಗೆಳತಿ ರಾಯಚೂರಿನವಳು. ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲ. ‘ಹಳೆ ಮೈಸೂರು ಮತ್ತು ಕಲ್ಯಾಣ ಕರ್ನಾಟಕ, ಎರಡೂ ಕಡೆಯ ಆಡುಮಾತು ತೊಡಕಿಲ್ಲದೆ ಅರ್ಥವಾಗುತ್ತದೆ’ ಎಂದು ಸೇರಿಸಿದೆವು.

ಬರವಣಿಗೆಗೆ ಮಾತಿನ ಭರವಸೆಗಿಂತ ಮಾದರಿಯೇ ಮೇಲು. ಪತ್ರದ ಕೆಳಗೆ ಗ್ರಾಹಕನೊಬ್ಬನಿಗೆ ಕೊಡುವ ಉತ್ತರವನ್ನು ನಾಲ್ಕೈದು ಸಾಲಿನಲ್ಲಿ ಬರೆ ಎಂದೆ. ಅಂಗಡಿಯಲ್ಲಿ ಯುಪಿಐ ಮೂಲಕ ಕೊಟ್ಟ ಹಣ ಖಾತೆಯಿಂದ ಹೋಗಿದೆ, ಅಂಗಡಿಯವರಿಗೆ ಖಚಿತವಾಗಿಲ್ಲ, ಇದು ದೂರು. ಅವಳ ಮೊದಲ ಉತ್ತರ ಹೀಗಿತ್ತು: ‘ತಮ್ಮ ವ್ಯವಹಾರವು ಪರಿಶೀಲನಾ ಹಂತದಲ್ಲಿದ್ದು, ಉಂಟಾದ ಅನಾನುಕೂಲತೆಗಾಗಿ ವಿಷಾದಿಸುತ್ತೇವೆ.’ ಬ್ಯಾಂಕುಗಳಿಂದ ಬರುವ ಸಂದೇಶಗಳನ್ನು ಓದಿ ಓದಿ ಕಲಿತ ಕನ್ನಡ ಅದು. ಹಣ ಕಳೆದುಕೊಂಡವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಇಂಥ ಹಣ ವಹಿವಾಟಿನ ದಿನದ ನಂತರ ಐದು ದಿನದೊಳಗೆ ತಾನಾಗಿಯೇ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆ ನಿಯಮ ತಿಳಿದುಕೊಂಡು ಅವಳು ಮತ್ತೆ ಬರೆದದ್ದು ಇದು:

‘ನಮಸ್ಕಾರ. ಸೋಮವಾರ ನೀವು ಅಂಗಡಿಗೆ ಕಳಿಸಿದ 640 ರೂಪಾಯಿ ನಿಮ್ಮ ಖಾತೆಯಿಂದ ಕಡಿತವಾಗಿದೆ, ಆದರೆ ಅಂಗಡಿಯವರಿಗೆ ಪಾವತಿ ಖಚಿತವಾಗಿಲ್ಲ. ಈ ಹಣ ಶನಿವಾರದೊಳಗೆ ನಿಮ್ಮ ಖಾತೆಗೇ ವಾಪಸ್ ಬರಬೇಕು. ಅದಕ್ಕಾಗಿ ನೀವು ಏನೂ ಮಾಡಬೇಕಿಲ್ಲ. ಶನಿವಾರ ಕಳೆದರೂ ಬರದಿದ್ದರೆ, ವಹಿವಾಟಿನ 12 ಅಂಕಿಯ ಸಂಖ್ಯೆಯನ್ನು ಇಲ್ಲಿಗೇ ಕಳಿಸಿ, ನಾವು ಬ್ಯಾಂಕಿನೊಂದಿಗೆ ವಿಚಾರಿಸುತ್ತೇವೆ. ನಿಮ್ಮ ಯುಪಿಐ ಪಿನ್ ಅಥವಾ ಒಟಿಪಿಯನ್ನು ನಾವು ಕೇಳುವುದಿಲ್ಲ, ಯಾರಿಗೂ ಹೇಳಬೇಡಿ.’

ಏನಾಗಿದೆ, ಯಾವಾಗ ಸರಿಹೋಗುತ್ತದೆ, ಹೋಗದಿದ್ದರೆ ಏನು ಮಾಡಬೇಕು, ಎಲ್ಲವೂ ಇದರಲ್ಲಿದೆ. ದಿನವನ್ನು ಹೆಸರಿಟ್ಟು ಹೇಳಿದ್ದು ನನಗೆ ಬಹಳ ಹಿಡಿಸಿತು. ‘ಐದು ದಿನದೊಳಗೆ’ ಎಂದರೆ ಎಣಿಸುವ ಕಷ್ಟ ಗ್ರಾಹಕನ ತಲೆಗೆ ಬರುತ್ತದೆ, ಆತ ಮರುದಿನ ಮತ್ತೆ ಫೋನ್ ಮಾಡುತ್ತಾನೆ. ಹಾಗೆ ಒಂದೇ ದೂರಿಗೆ ಎರಡನೆಯ ಸಲ ಬರುವ ಕರೆಯನ್ನು ತಪ್ಪಿಸುವುದೇ ಈ ಕೆಲಸದಲ್ಲಿ ಜಾಣತನ ಎನಿಸಿಕೊಳ್ಳುವುದು.

ಕೊನೆಗೆ ಉಳಿದ ಪತ್ರದ ಸಾರ ಹೀಗಿತ್ತು. ‘ನಿಮ್ಮ ಕನ್ನಡ–ತಮಿಳು ಗ್ರಾಹಕ ಸೇವೆಯ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಕನ್ನಡದಲ್ಲಿ ಫೋನ್, ಚಾಟ್, ಇಮೇಲ್ ಮೂರನ್ನೂ ನಿಭಾಯಿಸಬಲ್ಲೆ. ಮಾದರಿ ಉತ್ತರವನ್ನು ಕೆಳಗೆ ಬರೆದಿದ್ದೇನೆ. ತಮಿಳನ್ನು ಬಾಲ್ಯದಿಂದ ಮಾತಾಡುತ್ತೇನೆ, ಲಿಪಿ ಓದಲು ಬರುವುದಿಲ್ಲ. ಆದ್ದರಿಂದ ತಮಿಳಿನಲ್ಲಿ ಫೋನ್ ಕರೆಗಳಿಗೆ ಮಾತ್ರ ನನ್ನನ್ನು ಪರಿಗಣಿಸಬೇಕು. ಇಂಗ್ಲಿಷಿನಲ್ಲಿ ದೂರಿನ ಟಿಪ್ಪಣಿ ಬರೆದು ಮುಂದಿನ ವಿಭಾಗಕ್ಕೆ ಕಳಿಸಬಲ್ಲೆ.’ ಇಂಗ್ಲಿಷಿನ ಈ ಸಾಲು ಚಿಕ್ಕದಾದರೂ ತೂಕದ್ದು. ಗ್ರಾಹಕರ ಜೊತೆ ಮಾತು ಕನ್ನಡದಲ್ಲಿ ನಡೆದರೂ ಕಂಪನಿಯೊಳಗಿನ ದಾಖಲೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಆಮೇಲೆ ಮನೆಯ ಸೌಕರ್ಯ ಹೇಳುವ ಎರಡು ಸಾಲು: ತಂತಿಯ ಬ್ರಾಡ್‌ಬ್ಯಾಂಡ್ ಇದೆ, ಕರೆಂಟ್ ಹೋದರೆ ರೌಟರ್ ನಡೆಸಲು ಬ್ಯಾಟರಿ ಇದೆ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದೆ. ಇವು ಇಲ್ಲದಿದ್ದರೆ ಭಾಷೆ ಎಷ್ಟು ಚೆನ್ನಾಗಿದ್ದರೂ ಫೋನ್ ಕೆಲಸ ಕೊಡುವುದು ಕಷ್ಟ. ಎಲ್ಲ ಸೇರಿ ಒಂದು ಪುಟ ತುಂಬಲಿಲ್ಲ. ಶ್ರಮಜೀವಿ ಎಂಬ ಮಾತು ಎಲ್ಲೂ ಉಳಿದಿರಲಿಲ್ಲ.

ಅರ್ಜಿ ಹಾಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಯಿಂದ ಕೆಲಸ ಎಂಬ ಹೆಸರಿನಲ್ಲಿ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಹಣ ಕೇಳುವವರು ಕೆಲಸ ಕೊಡುವವರಲ್ಲ. ಹಣ ಕಳಿಸಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಂಪನಿಗಳಿಗೂ ನನ್ನದೊಂದು ಕೋರಿಕೆಯಿದೆ. ನಿಮ್ಮ ಅರ್ಜಿ ನಮೂನೆಯಲ್ಲಿ ‘ಗೊತ್ತಿರುವ ಭಾಷೆಗಳು’ ಎಂಬ ಒಂದೇ ಖಾನೆ ಇಟ್ಟು, ಅದಕ್ಕೆ ಹೌದು–ಇಲ್ಲ ಎಂದು ಉತ್ತರ ಕೇಳುತ್ತೀರಿ. ಮಾತು ಬಲ್ಲ, ಲಿಪಿ ಬಾರದ ಗಡಿಸೀಮೆಯ ಮಕ್ಕಳು ಅಲ್ಲಿ ಸುಳ್ಳು ಹೇಳಬೇಕು, ಇಲ್ಲವೇ ಹೊರಗುಳಿಯಬೇಕು. ಪ್ರತಿ ಭಾಷೆಯ ಮುಂದೆ ಮಾತು, ಓದು, ಟೈಪಿಂಗ್ ಎಂದು ಮೂರು ಖಾನೆ ಕೊಡಿ, ಹುದ್ದೆ ಫೋನಿನದೋ ಚಾಟ್‌ನದೋ ಎಂಬುದನ್ನು ಜಾಹೀರಾತಿನಲ್ಲೇ ತಿಳಿಸಿ.